ಆರೋಗ್ಯ ರೇಖೆ ಇಲ್ಲದ ಕೈ: ನನ್ನ ಅನುಭವ

ಹಲವು ವರ್ಷಗಳ ಹಿಂದೆ ನಲವತ್ತೆಂಟು ವಯಸ್ಸಿನ ಒಬ್ಬರು ದೂರದ ಪ್ರಯಾಣದ ಬಗ್ಗೆ ಕೇಳಲು, ಹಸ್ತರೇಖೆ ಓದುವ ನನ್ನ ಬಳಿ ಬಂದಿದ್ದರು. ಪ್ರಯಾಣಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದುದು ಇನ್ನೊಂದು ಚಿಂತೆ. ಅಂಗೈಯ ಆರೋಗ್ಯ ರೇಖೆಯ ಮೇಲೆ ದ್ವೀಪದ ಗುರುತು, ಅಂದರೆ ಗೆರೆ ಕವಲೊಡೆದು ಮತ್ತೆ ಕೂಡಿದಂತಿರುವ ಕಣ್ಣಿನಾಕಾರ, ಇದೆ, ಯಕೃತ್ತಿಗೆ ತೊಂದರೆ ಬರುತ್ತದೆ ಎಂದು ಬೇರೊಬ್ಬರು ಅವರಿಗೆ ಹೇಳಿದ್ದರು.

ನಾನು ಎಂದಿನಂತೆ ಬೆಳಕು ಓರೆಯಾಗಿ ಬೀಳುವಂತೆ ಅವರನ್ನು ಕೂರಿಸಿ, ಎರಡೂ ಅಂಗೈಗಳನ್ನು ಮೊದಲು ಸಡಿಲವಾಗಿ, ಬಳಿಕ ಚಾಚಿಸಿ ಭೂತಗನ್ನಡಿಯಲ್ಲಿ ನೋಡಿದೆ. ಆರೋಗ್ಯ ರೇಖೆ, ಅಂದರೆ ಬುಧ ರೇಖೆ, ಮಣಿಕಟ್ಟಿನ ಕಡೆಯಿಂದ ಹೊರಟು ಕಿರುಬೆರಳ ಬುಡದಲ್ಲಿರುವ ಬುಧ ಪರ್ವತವೆಂಬ ಉಬ್ಬಿನತ್ತ ಬಹುಮಟ್ಟಿಗೆ ನೇರವಾಗಿ ಓರೆ ಏರುತ್ತದೆ. ಅಂತಃಸ್ಫುರಣ ರೇಖೆಯೂ ಕೊನೆಗೆ ಬುಧ ಪರ್ವತವನ್ನೇ ಸೇರುವುದರಿಂದ ಎರಡನ್ನೂ ಅದಲುಬದಲು ಮಾಡುವುದು ಸುಲಭ. ಆದರೆ ಅಂತಃಸ್ಫುರಣ ರೇಖೆ ಅಂಗೈಯ ಹೊರ ಅಂಚಿನ ಕೆಳಭಾಗದಲ್ಲಿರುವ ಚಂದ್ರ ಪರ್ವತದಲ್ಲಿ ಹುಟ್ಟಿ, ಬಿಲ್ಲಿನಂತೆ ಅಂಗೈಯೊಳಕ್ಕೆ ಬಾಗಿ ಮೇಲೇರುತ್ತದೆ. ಆ ಬಿಲ್ಲಿನ ಟೊಳ್ಳು ಯಾವಾಗಲೂ ಹೊರ ಅಂಚಿನ ಕಡೆಗಿರುತ್ತದೆ. ಇವರ ಕೈಯಲ್ಲಿದ್ದುದು ಇಂಥ ಬಿಲ್ಲೇ ಹೊರತು ಆರೋಗ್ಯ ರೇಖೆಯಲ್ಲ. ದ್ವೀಪವೆಂದು ತೋರಿದ್ದ ಗುರುತು ಕೂಡ ಒಂದು ಅಡ್ಡಗೆರೆ ಅದನ್ನು ದಾಟಿದ್ದರಿಂದ ಉಂಟಾದ ಭ್ರಮೆಯಾಗಿತ್ತು. ಅಂಗೈಗೆ ಶಾಯಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆದಾಗ ಅದು ಸ್ಪಷ್ಟವಾಯಿತು.

ಚಂದ್ರ ಪರ್ವತದ ಅಂಚಿನಿಂದ ಒಳಕ್ಕೆ ಚಾಚುವ ಸಣ್ಣ ಅಡ್ಡಗೆರೆಗಳನ್ನು ಪ್ರಯಾಣ ರೇಖೆಗಳೆಂದು ಓದುವುದು ವಾಡಿಕೆ. ಅವರಿಗೆ ಅಂಥವು ಮೂರು ಕಂಡವು. ಆ ಭಾಗದ ಚರ್ಮದಡಿಯಲ್ಲಿ ಒಂದು ಸಣ್ಣ ಸ್ನಾಯುವಿದ್ದು, ಕೈ ಬಿಗಿದಾಗ ಅದು ಚರ್ಮವನ್ನು ಸುಕ್ಕುಗಟ್ಟಿಸುತ್ತದೆ. ಆದ್ದರಿಂದ ಕೈ ಸಡಿಲಿಸಿದ ಮೇಲೂ ಉಳಿಯುವ ಗೆರೆಯನ್ನು ಮಾತ್ರ ನಾನು ಎಣಿಸುತ್ತೇನೆ. ಹಾಗೆ ನೋಡಿದಾಗ ಉಳಿದದ್ದು ಒಂದೇ.

ಇಲ್ಲಿಯವರೆಗೆ ನಾನು ಮಾಡಿದ್ದು ಸರಿಯಿತ್ತು. ತಪ್ಪಿದ್ದು ಮುಂದಿನ ಮಾತಿನಲ್ಲಿ. ಆರೋಗ್ಯ ರೇಖೆ ಇಲ್ಲದಿರುವುದೇ ಉತ್ತಮ ದೇಹಸ್ಥಿತಿಯ ಲಕ್ಷಣ ಎಂಬುದು ಹಸ್ತಸಾಮುದ್ರಿಕದಲ್ಲಿ ಪ್ರಚಲಿತವಾದ ಅಭಿಪ್ರಾಯ. ಕೆಲವು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಅವರು ಹೇಳಿದಾಗ, "ನಿಮಗೆ ಆ ರೇಖೆಯೇ ಇಲ್ಲ, ಚಿಂತೆ ಮಾಡಬೇಡಿ, ಇದು ಕೆಲಸದ ಆಯಾಸ" ಎಂದುಬಿಟ್ಟೆ. ಅವರು ನೆಮ್ಮದಿಯಿಂದ ಹೋದರು. ಮೂರು ತಿಂಗಳ ಬಳಿಕ ತಲೆ ಸುತ್ತಿ ಬಿದ್ದು ಆಸ್ಪತ್ರೆ ಸೇರಿದಾಗ, ಹೊಟ್ಟೆಯ ಹುಣ್ಣಿನಿಂದ ನಿಧಾನವಾಗಿ ರಕ್ತ ಸೋರುತ್ತಿತ್ತೆಂದೂ ರಕ್ತಹೀನತೆ ತೀವ್ರವಾಗಿದೆಯೆಂದೂ ತಿಳಿಯಿತು.

ನಾನು ಹಳೆಯ ಟಿಪ್ಪಣಿ ತೆಗೆದು ನೋಡಿದೆ. "ಅಂಗೈ ಬಿಳಿಚಿದೆ, ಚಾಚಿದಾಗಲೂ ಮುಖ್ಯ ಗೆರೆಗಳಲ್ಲಿ ಕೆಂಪಿಲ್ಲ" ಎಂದು ನನ್ನದೇ ಕೈಬರಹದಲ್ಲಿತ್ತು. ಬೆರಳುಗಳನ್ನು ಹಿಂದಕ್ಕೆ ಚಾಚಿದಾಗಲೂ ಅಂಗೈಯ ಗೆರೆಗಳು ಸುತ್ತಲಿನ ಚರ್ಮದಷ್ಟೇ ಬಿಳಿಚಿಕೊಂಡಿದ್ದರೆ ಅದನ್ನು ತೀವ್ರ ರಕ್ತಹೀನತೆಯ ಸೂಚನೆಯೆಂದು ವೈದ್ಯರು ಪರಿಗಣಿಸುತ್ತಾರೆ. ಅದು ರೇಖೆಯ ಆಕಾರದ ಮಾತಲ್ಲ, ಒಳಗೆ ಹರಿಯುವ ರಕ್ತದ ಬಣ್ಣದ ಮಾತು. ಅದನ್ನು ನಾನು ಬರೆದುಕೊಂಡೂ ಕಾಣದೆ ಹೋಗಿದ್ದೆ, ಏಕೆಂದರೆ ಆಗ ನನ್ನ ಗಮನವೆಲ್ಲ ಇಲ್ಲದ ರೇಖೆಯೊಂದರ ಮೇಲಿತ್ತು.

ಹೆದರಿಸುವ ಮಾತಿನಷ್ಟೇ ಧೈರ್ಯ ಹೇಳುವ ಮಾತೂ ಅಪಾಯಕಾರಿಯೆಂದು ನನಗೆ ಮನವರಿಕೆಯಾದದ್ದು ಆಗಲೇ. ಹೆದರಿದವನು ಬಹುಶಃ ವೈದ್ಯರಲ್ಲಿಗೆ ಓಡುತ್ತಾನೆ, ಸಮಾಧಾನಗೊಂಡವನು ಮನೆಯಲ್ಲೇ ಉಳಿಯುತ್ತಾನೆ. ಈಗ ಆರೋಗ್ಯ ರೇಖೆ ತುಂಡಾಗಿದ್ದರೂ, ಸರಪಳಿಯಂತಿದ್ದರೂ, ಇಲ್ಲದಿದ್ದರೂ ಅದರಿಂದ ರೋಗದ ಹೆಸರನ್ನೂ ಆರೋಗ್ಯದ ಭರವಸೆಯನ್ನೂ ನಾನು ಹೇಳುವುದಿಲ್ಲ. ಯಾರಾದರೂ ದೇಹದ ತೊಂದರೆಯನ್ನು ಪ್ರಸ್ತಾಪಿಸಿದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ, ಎಷ್ಟು ದಿನದಿಂದ ಇದೆ, ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳುತ್ತೇನೆ. ಬಿಳಿಚಿದ ಗೆರೆಗಳು, ಅಂಗೈಯ ಎರಡೂ ಬದಿಯ ಅಸಹಜ ಕೆಂಪು, ಉಂಗುರದ ಬೆರಳಿನ ಕಡೆಗೆ ಹಗ್ಗದಂತೆ ಗಟ್ಟಿಯಾಗುತ್ತ ಬರುವ ಚರ್ಮ ಇಂಥವು ಕಂಡರೆ ಕಂಡದ್ದನ್ನಷ್ಟೇ ತಿಳಿಸಿ, ಕಾರಣವನ್ನು ಊಹಿಸದೆ, ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತೇನೆ. ಅಂಗೈಯ ಕೆಂಪು ಗರ್ಭಿಣಿಯರಲ್ಲೂ ಕಾಣಿಸುತ್ತದೆ, ಯಕೃತ್ತಿನ ಕಾಯಿಲೆಯಲ್ಲೂ ಕಾಣಿಸುತ್ತದೆ. ಯಾವುದೆಂದು ಬೇರ್ಪಡಿಸುವ ಸಾಧನ ನನ್ನ ಭೂತಗನ್ನಡಿಯಲ್ಲಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಅವರು ಮತ್ತೊಮ್ಮೆ ಬಂದರು. ನಾನು ಕ್ಷಮೆ ಕೇಳಿ ಇನ್ನೊಂದು ಅಚ್ಚು ತೆಗೆದುಕೊಂಡೆ. ಎರಡು ಅಚ್ಚುಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ದಿನ ತೆಗೆದಂತಿವೆ: ಅದೇ ಬಿಲ್ಲು, ಅದೇ ಅಡ್ಡಗೆರೆ, ಆರೋಗ್ಯ ರೇಖೆ ಆಗಲೂ ಇಲ್ಲ, ಈಗಲೂ ಇಲ್ಲ. ಗೆರೆಗಳಿಗೆ ಮರಳಿದ್ದ ಕೆಂಪು ಮಾತ್ರ ಶಾಯಿಯ ಅಚ್ಚಿನಲ್ಲಿ ಮೂಡಲಿಲ್ಲ.