ಚಿರೆಕಲ್ಲಿನ ಗೋಡೆಯ ಮೇಲೆ ಒಂಬತ್ತು ಚೌಕಟ್ಟು, ಐದೇ ಸೆಂಟಿಮೀಟರ್ ಸಂದು

ಕಾರವಾರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಲಸವನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಆದರೆ ಗೋಡೆ ತುಂಬ ಚೌಕಟ್ಟುಗಳನ್ನು ಸಮಾನ ಅಂತರದಲ್ಲಿ ತೂಗುಹಾಕುವ ಕೆಲಸ ನನ್ನ ಕೈಗೆ ಸರಿಯಾಗಿ ದಕ್ಕಿದ್ದು ಕಳೆದ ವರ್ಷವಷ್ಟೇ. ಅದಕ್ಕೂ ಮೊದಲು ಒಂದು ಮನೆಯಲ್ಲಿ ಪ್ರತಿ ಚೌಕಟ್ಟಿನ ಎತ್ತರವನ್ನು ನೆಲದಿಂದ ಅಳೆದು ಮೊಳೆ ಹೊಡೆದಿದ್ದೆ. ತೊಳೆದ ನೀರು ಬಾಗಿಲಿನ ಕಡೆಗೆ ಹರಿಯಲೆಂದು ಆ ಕಾವಿನೆಲಕ್ಕೆ ಇಳಿಜಾರು ಕೊಟ್ಟಿದ್ದರು. ಸಾಲಿನ ಕೊನೆಯ ಚಿತ್ರ ಮೊದಲನೆಯದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿದಿತ್ತು. ಮೊಳೆ ಕಿತ್ತಾಗ ಗಿಲಾವು ಉದುರಿತು. ಅದನ್ನು ಮೆತ್ತಿಸಿ ಬಣ್ಣ ಹಚ್ಚಿಸಲು ಕೈಯಿಂದ ಮೂರು ಸಾವಿರದ ಹತ್ತಿರ ಹೋಯಿತು.

ಈ ಸಲದ್ದು ಒಬ್ಬ ನಿವೃತ್ತ ಮಾಸ್ತರರ ಮನೆ. ಗೋಡೆಯ ಅಗಲ 275 ಸೆಂಟಿಮೀಟರ್. ಮೇಲಿನ ಸಾಲಿಗೆ 30, 40, 30, 40 ಅಗಲದ ನಾಲ್ಕು, ಕೆಳಗಿನ ಸಾಲಿಗೆ 25, 30, 25, 30, 25 ಅಗಲದ ಐದು ಚೌಕಟ್ಟುಗಳು. ಇವು ಚಿತ್ರದ ಅಳತೆಗಳಲ್ಲ, ಕಟ್ಟಿನ ಹೊರ ಅಂಚಿನವು. ಐದು ಸೆಂಟಿಮೀಟರ್ ಸಂದು ಸೇರಿಸಿದರೆ ಎರಡೂ ಸಾಲು 155ಕ್ಕೆ ನಿಲ್ಲುತ್ತವೆ, ಎರಡೂ ಬದಿಗೆ ಅರುವತ್ತರಂತೆ ಗೋಡೆ ಉಳಿಯುತ್ತದೆ. ಈ ಜೋಡಣೆಗೆ ನಾನು ಒಂದು ಸಂಜೆಯನ್ನೇ ಕೊಟ್ಟಿದ್ದೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಮೊಳೆ ಹೊಡೆಯುವ ಮೊದಲು ಪ್ರತಿ ಚೌಕಟ್ಟಿನ ಅಳತೆಗೆ ಕತ್ತರಿಸಿದ ಕಾಗದಗಳನ್ನು ಗೋಡೆಗೆ ಅಂಟಿಸುತ್ತಿದ್ದಾಗ ಮಾಸ್ತರರು, "ಅಲ್ಲ ಮಾರಾಯಾ, ಗೋಡೆಗೆ ಕಾಗದ ಹಚ್ಚುತ್ತಾ ಕೂತರೆ ಫೋಟೋ ಹಾಕುವುದು ಯಾವಾಗ?" ಎಂದು ಕೇಳಿದರು. ಜೊತೆಗೆ ಬಂದಿದ್ದ ಬಡಗಿಗೂ ಅದೇ ಅನುಮಾನವಿತ್ತು.

ಮೊದಲು ಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿ ನೋಡಿದ್ದೆ. ಮಳೆಗಾಲದ ತೇವಕ್ಕೆ ಅದು ಒಂದೇ ರಾತ್ರಿಯಲ್ಲಿ ಹಿಗ್ಗಿ ಸುಕ್ಕುಗಟ್ಟಿತು. ಅದರ ಪಕ್ಕದಲ್ಲೇ ಇಟ್ಟಿದ್ದ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಹೆಚ್ಚುಕಡಿಮೆ ಹಾಗೆಯೇ ಉಳಿದಿದ್ದರಿಂದ ಈಗ ಅದನ್ನೇ ಬಳಸುತ್ತೇನೆ. ಪ್ರತಿ ಚೌಕಟ್ಟನ್ನೂ ಹಾಳೆಯ ಮೇಲೆ ಬೋರಲಾಗಿಟ್ಟು ಅದರ ಸುತ್ತಲೂ ಗೆರೆ ಎಳೆದು ಕತ್ತರಿಸಬೇಕು. ಟೇಪಿನಿಂದ ಅಳೆದು ಕತ್ತರಿಸಿದರೆ ತಪ್ಪು ನುಸುಳುತ್ತದೆ, ಏಕೆಂದರೆ ನಲವತ್ತರದ್ದೆಂದು ನಾನೇ ಮಾಡಿದ ಕಟ್ಟುಗಳಲ್ಲಿಯೂ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ.

ಆ ಹೆಚ್ಚುಕಡಿಮೆಯನ್ನು ಎಲ್ಲಿಗೆ ತಳ್ಳಬೇಕೆಂಬುದೇ ಈ ಕೆಲಸದ ಜೀವಾಳ. ನಾನು ಎರಡು ಸಾಲುಗಳ ನಡುವಿನ ಸಂದಿನಿಂದಲೇ ಆರಂಭಿಸುತ್ತೇನೆ. ಒಂದು ಬದಿಯಲ್ಲಿ ಮಾತ್ರ ನೆಲದಿಂದ 142.5 ಮತ್ತು 147.5ಕ್ಕೆ ಗುರುತು ಹಾಕಿ, ಅಲ್ಲಿಂದ ನಾಲ್ಕು ಅಡಿಯ ರಸಮಟ್ಟವನ್ನಿಟ್ಟು ಎರಡು ತೆಳು ಗೆರೆಗಳನ್ನು ಎಳೆದೆ. ಪ್ರತಿ ಸಲವೂ ರಸಮಟ್ಟವನ್ನು ತುದಿ ಅದಲುಬದಲು ಮಾಡಿ ಅದೇ ಗೆರೆಯ ಮೇಲಿಟ್ಟು ನೋಡಬೇಕು. ಗುಳ್ಳೆ ಬೇರೆ ಕಡೆ ನಿಂತರೆ ದೋಷವಿರುವುದು ರಸಮಟ್ಟದಲ್ಲಿಯೇ. ಮೇಲಿನ ಸಾಲಿನ ಹಾಳೆಗಳ ಕೆಳ ಅಂಚು ಮೇಲಿನ ಗೆರೆಗೆ, ಕೆಳಸಾಲಿನವುಗಳ ಮೇಲಂಚು ಕೆಳಗಿನ ಗೆರೆಗೆ ತಾಗಬೇಕು. ಆಗ ಕಟ್ಟಿನ ತಪ್ಪು ಹೊರ ಅಂಚಿಗೆ ಹೋಗುತ್ತದೆ, ನಡುವಿನ ಸಂದು ಕೆಡುವುದಿಲ್ಲ. ಹಾಳೆಗಳ ನಡುವಿನ ಅಡ್ಡ ಅಂತರಕ್ಕೆ ಐದು ಸೆಂಟಿಮೀಟರಿನ ಸಾಗುವಾನಿ ತುಂಡೊಂದೇ ನನ್ನ ಅಳತೆಗೋಲು.

ಕೊಕ್ಕೆಯ ಗುರುತನ್ನೂ ಹಾಳೆಯ ಮೇಲೆಯೇ ಹಾಕಬೇಕು. ಒಂದೇ ಕೊಕ್ಕೆಗೆ ತೂಗಿದರೆ ಚಿತ್ರ ಓರೆಯಾಗುತ್ತದೆ, ಆದ್ದರಿಂದ ನಾನು ಎರಡು ಹಾಕುತ್ತೇನೆ. ಹಿಂದಿನ ತಂತಿಯನ್ನು ಆ ಎರಡು ಜಾಗದಲ್ಲಿಯೇ ಎರಡು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದು ಅಳೆಯಬೇಕು. ಮಧ್ಯದಲ್ಲಿ ಒಂದೇ ಬೆರಳಿನಿಂದ ಎಳೆದರೆ ತಂತಿ ಇನ್ನೂ ಮೇಲೇರಿ ಲೆಕ್ಕ ತಪ್ಪುತ್ತದೆ. ಮೇಲಿನ ಸಾಲಿಗೆ ಈ ಅಳತೆಯನ್ನು ಕಟ್ಟಿನ ಕೆಳ ಅಂಚಿನಿಂದ ತೆಗೆದುಕೊಳ್ಳುತ್ತೇನೆ, ಏಕೆಂದರೆ ಗೆರೆಗೆ ಕೂರಬೇಕಾದದ್ದು ಆ ಅಂಚು.

ನಮ್ಮ ಕಡೆಯ ಚಿರೆಕಲ್ಲು ಇಲ್ಲಿಯೇ ಕೈಕೊಡುತ್ತದೆ. ಗಿಲಾವು ದಾಟಿದ ಬೈರಿಗೆ ಕಲ್ಲಿನ ಪೊಳ್ಳು ಸಿಕ್ಕಿದೊಡನೆ ಅತ್ತ ಜಾರುತ್ತದೆ, ತೂತು ಅಗಲವಾಗುತ್ತದೆ, ಪ್ಲಗ್ ಗಿರ್ರನೆ ತಿರುಗುತ್ತದೆ. ಮೊದಲು ಹಾಳೆಯ ಮೇಲಿಂದಲೇ ಮೊಳೆಯ ಮೊನೆಯಿಂದ ಚುಚ್ಚಿ, ಡ್ರಿಲ್ಲಿನ ಹೊಡೆತವನ್ನು ಆರಿಸಿ, ನಾಲ್ಕು ಮಿಲಿಮೀಟರಿನ ತೂತು ಕೊರೆದು ಅನಂತರ ಆರಕ್ಕೆ ಹಿಗ್ಗಿಸಿದೆ. ಹದಿನೆಂಟು ತೂತುಗಳಲ್ಲಿ ಮೂರು ಸಡಿಲವಾದವು. ಅವುಗಳಿಗೆ ನಾನು ತುಂಬುವ ಮಿಶ್ರಣವನ್ನು ಹಲವು ಸಲ ಕೆಟ್ಟು ಕಲಿತಿದ್ದೇನೆ, ಅದನ್ನು ಇಲ್ಲಿ ಬಿಚ್ಚಿಡಲಾರೆ.

ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ರಬ್ಬರಿನ ಚಿಕ್ಕ ಬಿಲ್ಲೆ ಅಂಟಿಸಿದ್ದೆ. ಗಾಳಿಯಾಡಲಿ ಎಂಬುದು ಒಂದು ಕಾರಣ, ಗೋಡೆಯ ಮೇಲೆ ಚೌಕಟ್ಟು ಜಾರದಿರಲಿ ಎಂಬುದು ಇನ್ನೊಂದು. ಮಳೆಗಾಲ ಕಳೆದ ಮೇಲೆ ಮಾಸ್ತರರೇ ಕರೆಸಿದರು. ಅದೇ ಸಾಗುವಾನಿ ತುಂಡನ್ನು ಏಳೂ ನಿಂತ ಸಂದುಗಳಿಗೆ ಹಿಡಿದೆ. ಆರರಲ್ಲಿ ಸರಿಯಾಗಿ ಕೂತಿತು, ಒಂದರಲ್ಲಿ ಮಿಲಿಮೀಟರಿನಷ್ಟು ಆಡಿತು. ಮಾಸ್ತರರು ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೂ ಒಂದೊಂದಾಗಿ ಹಿಡಿದು ನೋಡಿದರು, ಬಳಿಕ ಒಳಕೋಣೆಯ ಗೋಡೆಯನ್ನು ತೋರಿಸಿದರು.