ಪಾರಂಪರಿಕ ನಡಿಗೆಗೆ ಕ್ಯಾಪ್ಷನ್ ಬರೆಯುವುದು ಹೇಗೆ?

ಹಳೆಯ ಕಟ್ಟಡಗಳ ನಡುವೆ ಜನರನ್ನು ಕರೆದೊಯ್ದು ಕಥೆ ಹೇಳುವ ನಡಿಗೆಗಳ ಪ್ರಚಾರ ಈಗ ಬಹುಪಾಲು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮತ್ತು ವಾಟ್ಸ್ಆ್ಯಪ್ ಗುಂಪುಗಳಲ್ಲೇ ನಡೆಯುತ್ತದೆ. ಅಂದವಾದ ಒಂದು ಚಿತ್ರ, ಅದರ ಕೆಳಗೆ ನಾಲ್ಕಾರು ಸಾಲಿನ ಕ್ಯಾಪ್ಷನ್, ಇಷ್ಟರಲ್ಲೇ ಓದುಗರು ಬರುವುದೋ ಬೇಡವೋ ಎಂದು ತೀರ್ಮಾನಿಸಬೇಕು. ಆ ಸಾಲುಗಳಲ್ಲಿ ಇತಿಹಾಸದ ವರ್ಣನೆ ಎಷ್ಟೇ ಚೆನ್ನಾಗಿದ್ದರೂ, ಎಲ್ಲಿ ನಿಲ್ಲಬೇಕು, ಎಷ್ಟು ಕೊಡಬೇಕು, ಎಷ್ಟು ನಡೆಯಬೇಕು, ಮಂಡಿ ನೋವಿರುವ ಅಮ್ಮನನ್ನು ಕರೆತರಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆಯೋಜಕರ ಫೋನು ಬಿಡುವಿಲ್ಲದೆ ರಿಂಗಣಿಸುತ್ತದೆ. ಫೋನು ಮಾಡಲು ಸಂಕೋಚಪಡುವವರು ಸುಮ್ಮನೆ ಮುಂದೆ ಸಾಗುತ್ತಾರೆ. ಹಾಗೆ ಸುಮ್ಮನಾಗುವವರಲ್ಲಿ ಹಿರಿಯರೂ ಅಂಗವಿಕಲರೂ ಹೆಚ್ಚು ಎಂಬುದು ನನ್ನ ಅನುಭವ.

ಮೈಸೂರಿನ ಒಂದು ಮಾರ್ಗವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಂಥ ಕ್ಯಾಪ್ಷನ್ ಅನ್ನು ಹಂತಹಂತವಾಗಿ ಬರೆಯೋಣ. ಪುರಭವನದಿಂದ ಹೊರಟು, ದೊಡ್ಡ ಗಡಿಯಾರ, ಚಾಮರಾಜ ವೃತ್ತ ಮತ್ತು ಕೆ.ಆರ್. ವೃತ್ತ ದಾಟಿ, ಚಿಕ್ಕ ಗಡಿಯಾರದ ಬಳಿ ನಿಂತು, ದೇವರಾಜ ಮಾರುಕಟ್ಟೆಯೊಳಗೆ ಸಾಗಿ ಧನ್ವಂತರಿ ರಸ್ತೆಯಲ್ಲಿ ಮುಗಿಯುವ ನಡಿಗೆ ಇದು. ಕೆಳಗೆ ಕೊಟ್ಟಿರುವ ದಿನಾಂಕ, ಶುಲ್ಕ ಮತ್ತು ಅಳತೆಗಳು ಮಾದರಿಗಾಗಿ ಮಾತ್ರ. ನಿಮ್ಮ ನಡಿಗೆಗೆ ನೀವೇ ಅಳೆದು ಬರೆಯಬೇಕು.

ಮೊದಲ ಹಂತ ಬರೆಯುವುದಲ್ಲ, ನಡೆಯುವುದು. ನಡಿಗೆ ವಾರದ ಯಾವ ದಿನ, ಯಾವ ಹೊತ್ತಿಗೆ ನಡೆಯಲಿದೆಯೋ ವಾರದ ಅದೇ ದಿನ, ಅದೇ ಹೊತ್ತಿಗೆ ಆ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ. ಮಧ್ಯಾಹ್ನ ಸಲೀಸಾಗಿ ಕಾಣುವ ಮಾರುಕಟ್ಟೆಯ ಓಣಿ ಬೆಳಗಿನ ಹೊತ್ತು ಹೂವಿನ ಮೂಟೆ, ತರಕಾರಿಯ ಗಾಡಿಗಳಿಂದ ತುಂಬಿ ಅರ್ಧದಷ್ಟಾಗಿರಬಹುದು, ನೆಲ ಒದ್ದೆಯಾಗಿರಬಹುದು. ಜೇಬಿನಲ್ಲಿ ಅಳತೆ ಟೇಪು ಇರಲಿ. ಫೋನಿನ ನಕ್ಷೆಯಲ್ಲಿ ಒಟ್ಟು ದೂರವನ್ನು ಅಳೆಯಿರಿ. ನಿಂತು ಮಾತನಾಡುವ ಪ್ರತಿಯೊಂದು ಜಾಗದಲ್ಲಿ ನೆರಳಿದೆಯೇ, ಕೂರಲು ಕಟ್ಟೆಯಿದೆಯೇ ನೋಡಿ. ಎಲ್ಲೆಲ್ಲಿ ಮೆಟ್ಟಿಲು ಬರುತ್ತದೆ, ಎಷ್ಟು ಬರುತ್ತದೆ, ಹಿಡಿಗಂಬಿ ಇದೆಯೇ ಎಂದು ಗುರುತು ಹಾಕಿಕೊಳ್ಳಿ. ಬಳಸಲು ಯೋಗ್ಯವಾದ ಶೌಚಾಲಯ ದಾರಿಯಲ್ಲಿ ಎಲ್ಲಿದೆ, ಅದು ಆ ಹೊತ್ತಿಗೆ ತೆರೆದಿರುತ್ತದೆಯೇ ಎಂಬುದನ್ನು ಬಾಗಿಲವರೆಗೂ ಹೋಗಿ ಖಚಿತಪಡಿಸಿಕೊಳ್ಳಬೇಕು. ಕ್ಯಾಪ್ಷನ್‌ನಲ್ಲಿ ಬರುವ ಪ್ರತಿ ಅಂಕಿಯೂ ಈ ಟಿಪ್ಪಣಿಯಿಂದಲೇ ಬರಬೇಕು.

ಎರಡನೆಯದು ಸೇರುವ ಸ್ಥಳ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ, ಅದರಲ್ಲೂ ಮೈಸೂರಿನಲ್ಲಿ. "ಗಡಿಯಾರದ ಗೋಪುರದ ಬಳಿ ಸೇರೋಣ" ಎಂದು ಬರೆದರೆ ಅರ್ಧ ಜನ ದೊಡ್ಡ ಗಡಿಯಾರಕ್ಕೂ ಉಳಿದರ್ಧ ಚಿಕ್ಕ ಗಡಿಯಾರಕ್ಕೂ ಹೋಗುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ, ಮುಖದಲ್ಲಿ ಕನ್ನಡ ಅಂಕಿಗಳಿರುವ ಗೋಪುರ ದೊಡ್ಡ ಗಡಿಯಾರ. ವೈಸರಾಯ್ ಡಫರಿನ್ ಭೇಟಿಯ ನೆನಪಿಗೆ ಕಟ್ಟಿದ, ದೇವರಾಜ ಮಾರುಕಟ್ಟೆಯ ಮುಂದಿರುವ ಗೋಪುರ ಚಿಕ್ಕ ಗಡಿಯಾರ. ಊರಿನವರಿಗೆ ಇದು ಗೊತ್ತು, ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಬಂದವರಿಗೆ ಗೊತ್ತಿರುವುದಿಲ್ಲ. "ಅರಮನೆಯ ಗೇಟಿನ ಬಳಿ" ಎಂಬುದೂ ಅಷ್ಟೇ ಅಪಾಯದ ಮಾತು, ಏಕೆಂದರೆ ಪ್ರವಾಸಿಗರು ಟಿಕೆಟ್ ಪಡೆದು ಒಳಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ನಮ್ಮ ನಡಿಗೆ ಹಾದುಹೋಗುವುದು ಉತ್ತರದ ಬಲರಾಮ ದ್ವಾರದ ಕಡೆ. ತಪ್ಪು ಗೇಟಿಗೆ ಹೋದವರು ಕೋಟೆಯನ್ನು ಸುತ್ತಿಕೊಂಡು ಬರುವಷ್ಟರಲ್ಲಿ ನಡಿಗೆ ಮುಂದೆ ಹೋಗಿರುತ್ತದೆ.

ಆದ್ದರಿಂದ ಊರಿನಲ್ಲಿ ಒಂದೇ ಒಂದು ಇರುವ ಗುರುತನ್ನು ಆರಿಸಿ, ಅದರ ಯಾವ ಮಗ್ಗುಲಲ್ಲಿ ನಿಲ್ಲಬೇಕೆಂದು ಹೇಳಬೇಕು. ರಂಗಾಚಾರ್ಲು ಪುರಭವನದ ಮುಂದಿನ ಅಂಬೇಡ್ಕರ್ ಪ್ರತಿಮೆ ಅಂಥ ಗುರುತು. ಆಟೋದವರಿಗೂ ಗೊತ್ತು, ನಗರ ಬಸ್ ನಿಲ್ದಾಣದಿಂದ ನಡೆದೇ ಬರಬಹುದು. ನಕ್ಷೆಯ ಕೊಂಡಿ ಕೊಡುವಾಗ ಕಟ್ಟಡದ ಹೆಸರನ್ನು ಹುಡುಕಿ ಕೊಂಡಿ ತೆಗೆಯಬೇಡಿ, ಅದು ಕಟ್ಟಡದ ನಡುವಿಗೋ ಹಿಂಬದಿಗೋ ಕರೆದೊಯ್ಯಬಹುದು. ನೀವು ನಿಲ್ಲುವ ಜಾಗದಲ್ಲೇ ನಿಂತು ನಕ್ಷೆಯಲ್ಲಿ ಗುರುತು ಹಾಕಿ, ಆ ಕೊಂಡಿಯನ್ನು ಕೊಡಿ. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ನಲ್ಲಿ ಹಾಕಿದ ಕೊಂಡಿ ಒತ್ತಿದರೆ ತೆರೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು, ಹಾಗಾಗಿ ಅಲ್ಲಿ ಮಾತಿನ ವಿವರಣೆಯೇ ಸಾಕಾಗುವಂತಿರಬೇಕು. ಸೇರುವ ಸಮಯ ಮತ್ತು ಹೊರಡುವ ಸಮಯವನ್ನು ಬೇರೆಬೇರೆಯಾಗಿ ಬರೆಯಿರಿ. ನಡಿಗೆ ಮುಗಿಯುವ ಜಾಗ ಬೇರೆಯಾಗಿದ್ದರೆ ಅದನ್ನೂ ಹೇಳಿ, ಏಕೆಂದರೆ ಸ್ಕೂಟರ್ ನಿಲ್ಲಿಸಿ ಬಂದವರು ಮತ್ತೆ ಅಲ್ಲಿಗೇ ಮರಳಬೇಕು.

ಗುಂಪಿನ ಗಾತ್ರ ಮತ್ತು ಶುಲ್ಕ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅವನ್ನು ಒಟ್ಟಿಗೇ ಲೆಕ್ಕ ಹಾಕಬೇಕು. ಗರಿಷ್ಠ ಸಂಖ್ಯೆಯನ್ನು ನಿರ್ಧರಿಸುವುದು ಬೇಡಿಕೆಯಲ್ಲ, ದಾರಿಯ ಅತಿ ಇಕ್ಕಟ್ಟಾದ ಜಾಗ. ಮಾರುಕಟ್ಟೆಯ ಓಣಿಯಲ್ಲಿ ವ್ಯಾಪಾರಕ್ಕೆ ಅಡ್ಡಿಯಾಗದಂತೆ ಎಷ್ಟು ಜನ ನಿಂತು, ಮೈಕ್ ಇಲ್ಲದೆ ಹೇಳುವ ಮಾತನ್ನು ಕೇಳಿಸಿಕೊಳ್ಳಬಹುದು ಎಂಬುದೇ ಅಳತೆಗೋಲು. ನಮ್ಮ ಮಾದರಿಯಲ್ಲಿ ಅದನ್ನು 14 ಎಂದು ಇಟ್ಟುಕೊಳ್ಳೋಣ. ವಿವರಣೆ ನೀಡುವವರ ಸಂಭಾವನೆ 2,000 ರೂಪಾಯಿ, ಕೆ.ಆರ್. ವೃತ್ತದಂಥ ಕಡೆ ರಸ್ತೆ ದಾಟಿಸಲು ಗುಂಪಿನ ಹಿಂದೆ ಬರುವ ಸಹಾಯಕರಿಗೆ 800, ನೀರು ಮತ್ತು ಮುದ್ರಿತ ನಕ್ಷೆಗೆ 400 ಎಂದರೆ ಒಟ್ಟು ಖರ್ಚು 3,200. ಒಬ್ಬರಿಗೆ 400 ರೂಪಾಯಿ ಎಂದಾದರೆ 8 ಜನ ಸೇರಿದಾಗ ಖರ್ಚು ಗಿಟ್ಟುತ್ತದೆ. ಆ 8 ಎಂಬ ಸಂಖ್ಯೆಯನ್ನು ಮುಚ್ಚಿಡದೆ ಕ್ಯಾಪ್ಷನ್‌ನಲ್ಲೇ ಬರೆಯಬೇಕು: ಇಷ್ಟು ಜನ ಸೇರದಿದ್ದರೆ ನಡಿಗೆ ಇರುವುದಿಲ್ಲ, ಇಂಥ ದಿನದೊಳಗೆ ತಿಳಿಸುತ್ತೇವೆ, ಹಣ ಪೂರ್ತಿ ಮರಳುತ್ತದೆ ಎಂದು. ದೂರದ ಊರಿನಿಂದ ಬರುವವರು ಟಿಕೆಟ್ ಕಾಯ್ದಿರಿಸುವ ಮೊದಲು ತಿಳಿಯಬೇಕಾದದ್ದು ಇದೇ.

ಶುಲ್ಕದಲ್ಲಿ ಏನು ಸೇರಿದೆ ಎನ್ನುವುದರ ಜೊತೆಗೆ ಏನು ಸೇರಿಲ್ಲ ಎನ್ನುವುದನ್ನೂ ಹೇಳಿ. ಅರಮನೆಯ ಹೆಸರು ಬಂದರೆ ಸಾಕು, ಒಳಗೂ ಕರೆದೊಯ್ಯುತ್ತಾರೆ ಎಂದು ಓದುಗರು ಭಾವಿಸುತ್ತಾರೆ. ಲ್ಯಾನ್ಸ್‌ಡೌನ್ ಕಟ್ಟಡವನ್ನು ಹೆಸರಿಸುವಾಗ, 2012ರಲ್ಲಿ ಅದರ ಒಂದು ಭಾಗ ಕುಸಿದು ಪ್ರಾಣಹಾನಿಯಾದ ಕಾರಣ, ಹೊರಗಿನಿಂದ ಮಾತ್ರ ನೋಡುತ್ತೇವೆ ಎಂದು ಸ್ಪಷ್ಟಪಡಿಸಬೇಕು. ಮಕ್ಕಳ ಶುಲ್ಕ ಎಷ್ಟು, ಅವರು 14ರ ಲೆಕ್ಕಕ್ಕೆ ಸೇರುತ್ತಾರೆಯೇ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಅಂಗವಿಕಲರ ಜೊತೆ ನೆರವಿಗೆ ಬರುವವರಿಂದ ಶುಲ್ಕ ಪಡೆಯದಿರುವುದು ಒಳ್ಳೆಯ ಪದ್ಧತಿ. ಪಡೆಯುವುದಿಲ್ಲವಾದರೆ ಅದನ್ನು ಬರೆದೇ ತಿಳಿಸಬೇಕು, ಕೇಳಿದವರಿಗಷ್ಟೇ ಹೇಳುವ ರಿಯಾಯಿತಿ ಆಗಬಾರದು.

ಇನ್ನು ಪ್ರವೇಶ ಸೌಕರ್ಯ. "ಎಲ್ಲ ವಯಸ್ಸಿನವರಿಗೂ ಸೂಕ್ತ" ಎಂಬ ಮಾತನ್ನು ದಯವಿಟ್ಟು ಬರೆಯಬೇಡಿ. ಅದು ಆಯೋಜಕರ ತೀರ್ಪು. ಓದುಗರಿಗೆ ಬೇಕಿರುವುದು ತೀರ್ಪಲ್ಲ, ತಮ್ಮ ಮೈಗೆ ತಾವೇ ಅನ್ವಯಿಸಿ ನೋಡಬಹುದಾದ ಸಂಗತಿ. "ಸುಮಾರು ಒಂದೂವರೆ ಕಿಲೋಮೀಟರ್, ಎರಡು ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ನಿಂತೇ ಇರಬೇಕು, ಕೂರಲು ಎರಡು ಕಡೆ ಮಾತ್ರ ಜಾಗವಿದೆ" ಎಂದಾಗ ಬೆನ್ನು ನೋವಿರುವವರು ತಾವೇ ಯೋಚಿಸಿ ಮಡಚುವ ಕುರ್ಚಿ ತರುತ್ತಾರೆ ಅಥವಾ ಈ ಬಾರಿ ಬೇಡ ಎನ್ನುತ್ತಾರೆ. ಎರಡೂ ಅವರದೇ ನಿರ್ಧಾರ.

ಗಾಲಿಕುರ್ಚಿಯ ವಿಷಯದಲ್ಲಿ ಇನ್ನಷ್ಟು ನಿಖರವಾಗಿರಬೇಕು. ಗಾಲಿಕುರ್ಚಿ ಸಲೀಸಾಗಿ ಸಾಗಲು ದಾರಿ ಸುಮಾರು 90 ಸೆಂಟಿಮೀಟರ್ ತೆರವಾಗಿರಬೇಕು. ಇಳಿಜಾರಿನ ಹಾದಿ ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದವಿರಬೇಕು. ಮಾರುಕಟ್ಟೆಯಲ್ಲಿ ಎರಡು ಅಂಗಡಿಗಳ ನಡುವೆ ಟೇಪು ಹಿಡಿದಾಗ 90 ಬಂದರೂ, ಹೊರಗೆ ಚಾಚಿಟ್ಟ ಬುಟ್ಟಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ 70 ಆಗಬಹುದು. ಆಗ "ಗಾಲಿಕುರ್ಚಿಗೆ ಅವಕಾಶವಿದೆ" ಎಂದೋ "ಇಲ್ಲ" ಎಂದೋ ಒಂದೇ ಮಾತಿನಲ್ಲಿ ಮುಗಿಸದೆ, ಯಾವ ಭಾಗ ಸಾಧ್ಯ, ಯಾವ ಭಾಗ ಕಷ್ಟ, ಕಷ್ಟವಾದ ಕಡೆ ನೀವು ಏನು ಮಾಡುತ್ತೀರಿ ಎಂದು ಬರೆಯಬೇಕು. ಕಿವಿ ಮಂದವಾಗಿರುವವರಿಗೆ ಮುಂದೆ ನಿಲ್ಲುವ ಜಾಗ ಕಾಯ್ದಿಡುತ್ತೀರಾ, ಮಾತಿನ ಸಾರಾಂಶವನ್ನು ಮುದ್ರಿಸಿ ಕೊಡುತ್ತೀರಾ ಎಂಬುದೂ ಇಲ್ಲಿಗೇ ಸೇರುತ್ತದೆ. ಮಾಡಲಾಗದ್ದನ್ನು ಮಾತ್ರ ಭರವಸೆ ಕೊಡಬೇಡಿ.

ಇಷ್ಟೆಲ್ಲ ಕೈಯಲ್ಲಿದ್ದ ಮೇಲೆ ಬರೆಯಲು ಕೂರಬಹುದು. ಫೋನಿನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣಿಸಿ ಉಳಿದದ್ದು ಮಡಚಿಕೊಳ್ಳುವುದರಿಂದ, ಮಾರ್ಗ, ದಿನ ಮತ್ತು ಶುಲ್ಕ ಆ ಸಾಲುಗಳಲ್ಲೇ ಬರಬೇಕು. ಇತಿಹಾಸಕ್ಕೆ ನಂತರ ಒಂದು ವಾಕ್ಯ ಸಾಕು. ನಮ್ಮ ಮಾದರಿ ಹೀಗಿರಬಹುದು:

"ಪುರಭವನದಿಂದ ದೇವರಾಜ ಮಾರುಕಟ್ಟೆಗೆ ಪಾರಂಪರಿಕ ನಡಿಗೆ, ಮೈಸೂರು. 2026ರ ಜನವರಿ 18, ಭಾನುವಾರ ಬೆಳಿಗ್ಗೆ 7ರಿಂದ 9. ಒಬ್ಬರಿಗೆ 400 ರೂ.

ಕನ್ನಡ ಅಂಕಿಗಳ ದೊಡ್ಡ ಗಡಿಯಾರ ಮತ್ತು ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರದ ನಡುವೆ ಊರು ಬೆಳೆದ ಬಗೆಯನ್ನು ನೋಡೋಣ. ವಿವರಣೆ ಕನ್ನಡದಲ್ಲಿ. ಅರಮನೆಯ ಒಳಗೆ ಹೋಗುವುದಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡವನ್ನು ಹೊರಗಿನಿಂದ ಮಾತ್ರ ನೋಡುತ್ತೇವೆ.

ಸೇರುವ ಸ್ಥಳ: ಪುರಭವನದ ಮುಂದಿನ ಅಂಬೇಡ್ಕರ್ ಪ್ರತಿಮೆಯ ಎದುರು, 6.45ಕ್ಕೆ. ಹಳದಿ ಕೊಡೆ ಹಿಡಿದವರನ್ನು ನೋಡಿ. ಸರಿಯಾಗಿ 7ಕ್ಕೆ ಹೊರಡುತ್ತೇವೆ. ಧನ್ವಂತರಿ ರಸ್ತೆಯಲ್ಲಿ ಮುಗಿಯುತ್ತದೆ.

ಮಕ್ಕಳೂ ಸೇರಿ 14 ಜನರಿಗೆ ಅವಕಾಶ. 10 ವರ್ಷದೊಳಗಿನವರಿಗೆ ಮತ್ತು ಅಂಗವಿಕಲರ ನೆರವಿಗೆ ಬರುವವರಿಗೆ ಶುಲ್ಕವಿಲ್ಲ. ನೀರು, ನಕ್ಷೆ ಸೇರಿದೆ, ತಿಂಡಿ ಸೇರಿಲ್ಲ. ಶುಕ್ರವಾರ ಸಂಜೆ 6ರೊಳಗೆ 8 ಜನ ಶುಲ್ಕ ಪಾವತಿಸಿರದಿದ್ದರೆ ನಡಿಗೆ ರದ್ದು, ಹಣ ಪೂರ್ತಿ ವಾಪಸ್.

ದೂರ ಸುಮಾರು ಒಂದೂವರೆ ಕಿ.ಮೀ. ಕೂರಲು ಎರಡು ಕಡೆ ಜಾಗವಿದೆ. ಕೆ.ಆರ್. ವೃತ್ತದವರೆಗೆ ಗಾಲಿಕುರ್ಚಿಯಲ್ಲಿ ಬರಬಹುದು. ಮಾರುಕಟ್ಟೆಯ ಓಣಿ ಕಿರಿದು, ನೆಲ ಒದ್ದೆ. ಬಯಸುವವರನ್ನು ಸಹಾಯಕರು ಹೊರಗಿನ ರಸ್ತೆಯಿಂದ ಕರೆದೊಯ್ಯುತ್ತಾರೆ. ಬೇಕಾದ ನೆರವನ್ನು ಗುರುವಾರದೊಳಗೆ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿ."

ಇದರ ಕೆಳಗೆ ನೋಂದಣಿಯ ಸಂಖ್ಯೆ ಬರುತ್ತದೆ. ಕರೆಗೂ ಸಂದೇಶಕ್ಕೂ ಒಂದೇ ಸಂಖ್ಯೆಯನ್ನು ಕೊಡಿ, ಏಕೆಂದರೆ ಕೇಳಿಸದವರು ಕರೆ ಮಾಡಲಾರರು, ಟೈಪು ಮಾಡಲು ಬಾರದವರು ಸಂದೇಶ ಕಳಿಸಲಾರರು.

ಪ್ರಕಟಿಸುವ ಮೊದಲು ಎರಡು ಪರಿಶೀಲನೆಗಳನ್ನು ತಪ್ಪಿಸಬಾರದು. ದಿನಾಂಕ ಮತ್ತು ವಾರ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ನೋಡಿ. ಹಳೆಯ ಕ್ಯಾಪ್ಷನ್ ಅನ್ನು ನಕಲು ಮಾಡಿ ತಿದ್ದುವಾಗ ದಿನಾಂಕ ಬದಲಾಗಿ ವಾರ ಹಾಗೆಯೇ ಉಳಿಯುವುದು ಸಾಮಾನ್ಯ. ಎರಡನೆಯದಾಗಿ, ಪೋಸ್ಟರ್ ಚಿತ್ರದ ಮೇಲೆ ಬರೆದ ವಿವರವೆಲ್ಲ ಕ್ಯಾಪ್ಷನ್‌ನಲ್ಲೂ ಅಕ್ಷರರೂಪದಲ್ಲಿ ಇದೆಯೇ ನೋಡಿ. ಅಂಧರು ಬಳಸುವ ಪರದೆ ಓದುವ ತಂತ್ರಾಂಶ ಚಿತ್ರದೊಳಗಿನ ಬರಹವನ್ನು ಸರಿಯಾಗಿ ಓದುತ್ತದೆ ಎಂದು ನಂಬುವಂತಿಲ್ಲ. ಚಿತ್ರ ಸೇರಿಸುವಾಗ ಸಿಗುವ ಪರ್ಯಾಯ ಪಠ್ಯದ ಜಾಗದಲ್ಲಿ ಚಿತ್ರದಲ್ಲೇನಿದೆ ಎಂದು ಒಂದು ವಾಕ್ಯ ಬರೆಯಿರಿ. ನಂತರ ಮೈಸೂರಿನ ಪರಿಚಯವಿಲ್ಲದ ಒಬ್ಬರಿಗೆ ಕ್ಯಾಪ್ಷನ್ ಓದಲು ಕೊಟ್ಟು, ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲುತ್ತೀರಿ ಎಂದು ಕೇಳಿ. ಅವರು ತಡವರಿಸಿದ ಸಾಲನ್ನು ತಿದ್ದಿ.

ಜಾಗ ಭರ್ತಿಯಾದ ಕೂಡಲೇ ಮೊದಲ ಸಾಲಿನಲ್ಲೇ ಹಾಗೆಂದು ಸೇರಿಸಿ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋದ ಪ್ರತಿಯನ್ನು ನೀವು ತಿದ್ದಲಾಗದು, ಆದ್ದರಿಂದ ಅಲ್ಲಿ ಕಳಿಸುವ ಕ್ಯಾಪ್ಷನ್‌ನಲ್ಲಿ "ಬರುವ ಮೊದಲು ನೋಂದಣಿ ಕಡ್ಡಾಯ, ಸ್ಥಳದಲ್ಲಿ ಪ್ರವೇಶವಿಲ್ಲ" ಎಂಬ ವಾಕ್ಯ ಮೊದಲಿನಿಂದಲೇ ಇರಬೇಕು.