ಮೇಲಿನವರ ಒಪ್ಪಿಗೆಗೆ ನಾನು ಬರೆಯುವ ಇಮೇಲ್: ಒಂದು ಶಿಪ್‌ಮೆಂಟಿನ ಅನುಭವ

ಬೆಂಗಳೂರಿನ ಒಂದು ಸಿದ್ಧ ಉಡುಪು ರಫ್ತು ಕಾರ್ಖಾನೆಯಲ್ಲಿ ನಾನು ಮರ್ಚಂಡೈಸರ್. ಬೈಯರ್ ಮತ್ತು ಕಾರ್ಖಾನೆಯ ನಡುವೆ ನಿಂತು ಆರ್ಡರನ್ನು ಬಟ್ಟೆಯಿಂದ ಹಡಗಿನವರೆಗೆ ದಾಟಿಸುವುದು ನನ್ನ ಕೆಲಸ. ಹಣ ಖರ್ಚಾಗುವ ಯಾವ ತೀರ್ಮಾನಕ್ಕೂ ಜನರಲ್ ಮ್ಯಾನೇಜರ್ ಮೇಡಂ ಅವರ ಒಪ್ಪಿಗೆ ಬೇಕು. ಅವರು ದಿನದ ಬಹುಪಾಲು ಮೀಟಿಂಗಿನಲ್ಲೋ ಕಾರಿನಲ್ಲೋ ಇರುತ್ತಾರೆ, ಇಮೇಲನ್ನು ಮೊಬೈಲಿನಲ್ಲೇ ಓದುತ್ತಾರೆ. ಅವರಿಗೆ ಹೇಗೆ ಬರೆಯುತ್ತೇನೆ ಎಂಬುದನ್ನು ಒಂದು ಆರ್ಡರಿನ ಮೂಲಕ ಹೇಳುತ್ತೇನೆ.

ಜರ್ಮನಿಯ ಬೈಯರ್‌ಗೆ 12,000 ಶರ್ಟು ಹೋಗಬೇಕಿತ್ತು. ಶನಿವಾರ ಸಂಜೆಯೊಳಗೆ ಕಂಟೇನರ್ ಚೆನ್ನೈ ಬಂದರಿನ ಗೇಟು ದಾಟಬೇಕು. ಬುಧವಾರ ಸಂಜೆ ಪರೀಕ್ಷೆಯ ವರದಿ ಬಂತು: ಕಡುನೀಲಿ ಬಣ್ಣದ 3,600 ಶರ್ಟುಗಳು ಒದ್ದೆ ಬಟ್ಟೆಯಿಂದ ಉಜ್ಜುವ ಪರೀಕ್ಷೆಯಲ್ಲಿ ಬಣ್ಣ ಬಿಡುತ್ತಿವೆ. ಕಡುಬಣ್ಣಗಳಲ್ಲಿ ಇದು ಹೊಸದೇನಲ್ಲ. ಬಣ್ಣ ಹಿಡಿಸುವ ರಾಸಾಯನಿಕ ಹಾಕಿ ಮತ್ತೆ ತೊಳೆದರೆ ಸರಿಹೋಗುತ್ತದೆ, ಆದರೆ ತೊಳೆದು, ಇಸ್ತ್ರಿ ಮಾಡಿ, ಮತ್ತೆ ಪ್ಯಾಕ್ ಮಾಡುವಷ್ಟರಲ್ಲಿ ಮುಂದಿನ ಮಂಗಳವಾರ ಆಗುತ್ತದೆ. ಉಳಿದ 8,400 ಶರ್ಟು ಸಿದ್ಧವಾಗಿದ್ದವು.

ಇಮೇಲ್ ಬರೆಯಲು ಕೂರುವ ಮೊದಲು ಎರಡು ವಿಷಯ ಖಚಿತ ಮಾಡಿಕೊಂಡೆ. ಪೆಟ್ಟಿಗೆಗಳಲ್ಲಿ ಒಂದೊಂದೇ ಬಣ್ಣ ತುಂಬಿದೆಯೇ ಎಂಬುದು ಮೊದಲನೆಯದು. ಕೆಲವು ಆರ್ಡರುಗಳಲ್ಲಿ ಒಂದೇ ಪೆಟ್ಟಿಗೆಗೆ ಎಲ್ಲ ಬಣ್ಣಗಳನ್ನೂ ಲೆಕ್ಕ ಹಾಕಿ ತುಂಬುತ್ತಾರೆ. ಹಾಗಿದ್ದರೆ ಒಂದು ಬಣ್ಣವನ್ನು ಬಿಟ್ಟು ಕಳಿಸುವ ಮಾತೇ ಬರುವುದಿಲ್ಲ. ಇಲ್ಲಿ ಬಣ್ಣಕ್ಕೊಂದು ಪೆಟ್ಟಿಗೆ ಇತ್ತು. ಎರಡನೆಯದು ವಿಮಾನದ ಖರ್ಚು. ವಿಮಾನದವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿ, ಬಂದ ಅಂಕಿ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ ಕೇಳುತ್ತಾರೆ. 60, 40, 40ರ ನಮ್ಮ ಪೆಟ್ಟಿಗೆ ತೂಗಿದರೆ 13 ಕಿಲೋ, ಅಳೆದರೆ 16 ಕಿಲೋ. ಪೆಟ್ಟಿಗೆಗೆ 40 ಶರ್ಟಿನಂತೆ 90 ಪೆಟ್ಟಿಗೆ, 1,440 ಕಿಲೋ. ಆ ದಿನ ಸಿಕ್ಕ ದರ ಕಿಲೋಗೆ 250 ರೂಪಾಯಿ. ಒಟ್ಟು 3.6 ಲಕ್ಷ. ತಕ್ಕಡಿಯ ತೂಕ ಹಿಡಿದು ಬರೆದಿದ್ದರೆ ಮೂರು ಲಕ್ಷದೊಳಗೆ ಎಂದು ಕಾಣುತ್ತಿತ್ತು, ಮೇಡಂ ಅದನ್ನೇ ನಂಬಿ ಒಪ್ಪುತ್ತಿದ್ದರು. ನಾನು ಕೊಟ್ಟ ಅಂಕಿಯ ಮೇಲೆ ಅವರು ತೀರ್ಮಾನ ಮಾಡುತ್ತಾರೆ, ಹಾಗಾಗಿ ಇಮೇಲಿನ ಬೇರಾವ ಭಾಗಕ್ಕಿಂತಲೂ ಅಂಕಿಗಳಿಗೆ ಹೆಚ್ಚು ಹೊತ್ತು ಕೊಡುತ್ತೇನೆ.

ಆಮೇಲೆ ಗಡುವು. ಶನಿವಾರ ಸಂಜೆ ಎನ್ನುವುದು ಬಂದರಿನ ಗಡುವು, ಮೇಡಂ ಅವರದಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದೆ. ಕಂಟೇನರ್ ಶುಕ್ರವಾರ ರಾತ್ರಿ ಹೊರಡಬೇಕು. ಎಷ್ಟು ಶರ್ಟು ಹೋಗುತ್ತದೆ ಎಂಬ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಗುರುವಾರ ಸಂಜೆಯೇ ಕಸ್ಟಮ್ಸ್ ಏಜೆಂಟರ ಕೈಗೆ ಸೇರಬೇಕು, ಏಕೆಂದರೆ ಶಿಪ್ಪಿಂಗ್ ಬಿಲ್ ಸಲ್ಲಿಸಿದ ಮೇಲೆ ಸಂಖ್ಯೆ ಬದಲಿಸಬೇಕಾದರೆ ತಿದ್ದುಪಡಿಗೆ ಓಡಾಡಬೇಕಾಗುತ್ತದೆ. ಬೈಯರ್ ಕಚೇರಿ ತೆರೆಯುವುದು ಅವರ ಒಂಬತ್ತು ಗಂಟೆಗೆ; ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಂದರೆ ನಮ್ಮ ಹನ್ನೆರಡೂವರೆ. ಅವರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ನಮ್ಮ ಪ್ರಸ್ತಾಪ ಅವರ ಮುಂದಿದ್ದರೆ ಇಡೀ ದಿನ ನಮಗೆ ಸಿಗುತ್ತದೆ. ಹೀಗೆ ಮೇಡಂ ಅವರಿಗೆ ನಾನು ಕೊಡಬೇಕಾದ ಗಡುವು ಗುರುವಾರ ಮಧ್ಯಾಹ್ನ 12 ಎಂದು ತೀರ್ಮಾನವಾಯಿತು. 'ತುರ್ತು', 'ಆದಷ್ಟು ಬೇಗ' ಎಂದು ನಾನು ಬರೆಯುವುದೇ ಇಲ್ಲ. ದಿನಕ್ಕೆ ಇಪ್ಪತ್ತು ಇಮೇಲುಗಳಲ್ಲಿ ಆ ಮಾತು ಇರುತ್ತದೆ. ಗಂಟೆ ಬರೆದು, ಆ ಗಂಟೆ ಏಕೆ ಎಂದು ಒಂದು ಸಾಲು ಸೇರಿಸಿದರೆ ಓದುವವರಿಗೆ ಅದು ನನ್ನ ಅವಸರವಲ್ಲ, ಕೆಲಸದ ಅವಸರ ಎಂದು ತಿಳಿಯುತ್ತದೆ.

ನಮ್ಮ ಕಚೇರಿಯ ಪತ್ರವ್ಯವಹಾರ ನಡೆಯುವುದು ಇಂಗ್ಲಿಷಿನಲ್ಲಿ. ಬುಧವಾರ ರಾತ್ರಿ ಕಳಿಸಿದ ಇಮೇಲನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ವಿಷಯ: ಒಪ್ಪಿಗೆ ಬೇಕು, ಗುರುವಾರ ಮಧ್ಯಾಹ್ನ 12ರೊಳಗೆ: ನೀಲಿ ಶರ್ಟು 3,600, ಸಾಗಣೆ

ಮೇಡಂ, ನಮಸ್ಕಾರ.

ನೀಲಿ ಬಣ್ಣದ 3,600 ಶರ್ಟುಗಳನ್ನು ಮುಂದಿನ ವಾರದ ಹಡಗಿನಲ್ಲಿ ಪ್ರತ್ಯೇಕವಾಗಿ ಕಳಿಸಲು ನಿಮ್ಮ ಒಪ್ಪಿಗೆ ಕೋರುತ್ತೇನೆ (ಕೆಳಗಿನ ಆಯ್ಕೆ 2). ನಾಳೆ 12ಕ್ಕೆ ಉತ್ತರ ಸಿಕ್ಕರೆ ಬೈಯರ್ ಕಚೇರಿ ತೆರೆಯುವಾಗಲೇ ಕೇಳಬಹುದು.

ಕಾರಣ: ಬಣ್ಣ ಬಿಡುತ್ತಿದೆ, ಮತ್ತೆ ತೊಳೆಯಬೇಕು, ಮಂಗಳವಾರ ಸಿದ್ಧವಾಗುತ್ತದೆ. ಉಳಿದ 8,400 ಸಿದ್ಧವಿದೆ.

ಆಯ್ಕೆ 1: 8,400 ಈ ಶನಿವಾರದ ಹಡಗಿಗೆ, ನೀಲಿ ಬುಧವಾರ ವಿಮಾನದಲ್ಲಿ. ಹೆಚ್ಚುವರಿ ಖರ್ಚು 3.6 ಲಕ್ಷ. ತಡವಾಗುವುದಿಲ್ಲ.

ಆಯ್ಕೆ 2: 8,400 ಈ ಶನಿವಾರದ ಹಡಗಿಗೆ, ನೀಲಿ ಮುಂದಿನ ಶನಿವಾರದ ಹಡಗಿಗೆ. ತಡವಾದ್ದಕ್ಕೆ ಬೈಯರ್ ಮಾಡುವ 5% ಕಡಿತ ನೀಲಿಯ ಮೇಲೆ ಮಾತ್ರ, 99 ಸಾವಿರ, ಎರಡನೆಯ ಸಾಗಣೆಗೆ ಸುಮಾರು 30 ಸಾವಿರ. ಒಟ್ಟು ಸುಮಾರು 1.3 ಲಕ್ಷ. ಬೈಯರ್ ಲಿಖಿತವಾಗಿ ಒಪ್ಪಬೇಕು. ಅಂಗಡಿಯಲ್ಲಿ ಎಲ್ಲ ಬಣ್ಣ ಒಟ್ಟಿಗೆ ಬೇಕು ಎಂದು ನಿರಾಕರಿಸಬಹುದು.

ಆಯ್ಕೆ 3: ಎಲ್ಲ 12,000 ಮುಂದಿನ ಶನಿವಾರ. 66 ಲಕ್ಷದ ಮೇಲೆ 5% ಕಡಿತ, 3.3 ಲಕ್ಷ. ಬಣ್ಣಗಳು ಒಟ್ಟಿಗೆ ತಲುಪುತ್ತವೆ, ದಾಖಲೆ ಒಂದೇ ಸಲ.

ನನ್ನ ಶಿಫಾರಸು ಆಯ್ಕೆ 2. ಶುಕ್ರವಾರ ಸಂಜೆ 6ರೊಳಗೆ ಬೈಯರ್ ಒಪ್ಪದಿದ್ದರೆ ಆಯ್ಕೆ 1ಕ್ಕೆ ಹೋಗಲು ಈಗಲೇ ಅನುಮತಿ ಕೋರುತ್ತೇನೆ.

ನಾಳೆ 12ರೊಳಗೆ ತೀರ್ಮಾನವಾಗದಿದ್ದರೆ ಬೈಯರ್ ಅವರ ಒಂದು ದಿನ ಕೈತಪ್ಪುತ್ತದೆ. ಸಂಜೆ 5 ದಾಟಿದರೆ ಈ ಹಡಗಿನ ದಾಖಲೆ ನಿಲ್ಲುತ್ತದೆ, ಆಯ್ಕೆ 3 ಮಾತ್ರ ಉಳಿಯುತ್ತದೆ.

'2 ಸರಿ, ಇಲ್ಲದಿದ್ದರೆ 1' ಎಂದು ಉತ್ತರಿಸಿದರೆ ಸಾಕು. ಪರೀಕ್ಷೆಯ ವರದಿ, ವಿಮಾನದ ದರಪಟ್ಟಿ ಲಗತ್ತಿಸಿದ್ದೇನೆ.

ಇದರಲ್ಲಿ ಕೋರಿಕೆ ಮೊದಲ ಸಾಲಿನಲ್ಲೇ ಇರುವುದು ಉದ್ದೇಶಪೂರ್ವಕ. ಮೊಬೈಲಿನಲ್ಲಿ ಇಮೇಲ್ ತೆರೆದಾಗ ಮೊದಲು ಕಾಣುವುದು ಅಷ್ಟೇ. ಬಣ್ಣ ಏಕೆ ಬಿಟ್ಟಿತು, ಯಾರು ಯಾವಾಗ ನೋಡಿದರು ಎಂಬ ಕಥೆಯನ್ನು ಲಗತ್ತಿಗೆ ಕಳಿಸಿದೆ. ತೀರ್ಮಾನಕ್ಕೆ ಬೇಡದ ಕಥೆ ತೀರ್ಮಾನವನ್ನು ಮುಂದೂಡುತ್ತದೆ. 'ಬಂದು ಮಾತಾಡಿ' ಎಂಬ ಉತ್ತರ ಬರುವುದು ಅಂಥ ಇಮೇಲುಗಳಿಗೇ.

ಮೂರನೆಯ ಆಯ್ಕೆ ಎರಡನೆಯದನ್ನು ಚೆನ್ನಾಗಿ ಕಾಣಿಸಲೆಂದು ಸೇರಿಸಿದ್ದಲ್ಲ. ನಮ್ಮ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರು ಅದನ್ನೇ ಬಯಸಿದ್ದರು, ಅವರ ಕಾರಣದಲ್ಲಿ ತೂಕವೂ ಇತ್ತು. ಅವರ ವಾದವನ್ನು ನಾನೇ ನ್ಯಾಯವಾಗಿ ಬರೆದದ್ದರಿಂದ ಅವರು ಮೇಡಂ ಬಳಿ ಬೇರೆಯಾಗಿ ಹೋಗುವ ಅಗತ್ಯ ಬೀಳಲಿಲ್ಲ. ಕಳಿಸುವ ಮೊದಲು ಅವರಿಗೆ ಓದಿ ಹೇಳಿದ್ದೆ. ಆರಿಸಲು ಯೋಗ್ಯವಲ್ಲದ ಆಯ್ಕೆಯನ್ನು ಲೆಕ್ಕ ತುಂಬಲು ಹಾಕಬಾರದು. ಮೇಲಿನವರು ಅದನ್ನು ತಕ್ಷಣ ಗುರುತಿಸುತ್ತಾರೆ, ಉಳಿದ ಅಂಕಿಗಳ ಮೇಲೂ ಅನುಮಾನ ಹುಟ್ಟುತ್ತದೆ. ನಾನು ಶಿಫಾರಸು ಮಾಡುವ ಆಯ್ಕೆಯ ತೊಡಕನ್ನೂ ಅದೇ ಸಾಲಿನಲ್ಲಿ ಬರೆಯುತ್ತೇನೆ, ಇಲ್ಲಿ ಬೈಯರ್ ನಿರಾಕರಿಸಬಹುದು ಎಂದು ಬರೆದ ಹಾಗೆ.

ಷರತ್ತಿನ ಅನುಮತಿಯನ್ನು ಮುಂಚೆಯೇ ಕೇಳುವುದು ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಉಳಿಸಿದೆ. ಬೈಯರ್ ಶುಕ್ರವಾರ ಸಂಜೆ ಆಗುವುದಿಲ್ಲ ಎಂದರೆ ಆ ಹೊತ್ತಿನಲ್ಲಿ ಮೇಡಂ ಅವರನ್ನು ಹುಡುಕಿಕೊಂಡು ಹೋಗುವಂತಾಗಬಾರದು. ಹಾಗೆಂದು 'ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ' ಎಂದು ಹಣದ ವಿಷಯದಲ್ಲಿ ಎಂದೂ ಬರೆಯುವುದಿಲ್ಲ. ಉತ್ತರ ಬಾರದಿದ್ದರೆ ತಾನಾಗಿಯೇ ಏನಾಗುತ್ತದೆ ಎಂಬುದನ್ನು ಮಾತ್ರ ಬರೆಯುತ್ತೇನೆ. ಅದು ಬೆದರಿಕೆಯಂತೆ ಕೇಳಿಸದಿರಲು ಹಡಗಿನ, ದಾಖಲೆಯ ಮಾತಷ್ಟೇ ಇರಬೇಕು.

ಉತ್ತರ ಹೇಗಿರಬೇಕು ಎಂದು ಸೂಚಿಸುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ 'ಗಮನಿಸಿದೆ' ಎಂಬ ಒಂದು ಪದದ ಉತ್ತರ ಬಂದರೆ ಅದು ಒಪ್ಪಿಗೆಯೋ ಬರೀ ಓದಿದ್ದೋ ಎಂದು ಯಾರೂ ಹೇಳಲಾರರು. ಫೋನಿನಲ್ಲಿ ಒಪ್ಪಿಗೆ ಕೊಟ್ಟಾಗಲೂ ಹಾಗೆಯೇ. 'ಈಗ ತಾವು ಹೇಳಿದಂತೆ ಆಯ್ಕೆ 2ರ ಪ್ರಕಾರ ನಡೆಯುತ್ತೇನೆ, ದಯವಿಟ್ಟು ಖಚಿತಪಡಿಸಿ' ಎಂದು ಅದೇ ಇಮೇಲಿಗೆ ಉತ್ತರವಾಗಿ ಬರೆದು ಒಂದು 'ಸರಿ' ತರಿಸಿಕೊಳ್ಳುತ್ತೇನೆ.

ಗುರುವಾರ ಬೆಳಿಗ್ಗೆ ಮೇಡಂ ಕಾರಿನಿಂದಲೇ ಬರೆದರು: '2 ಸರಿ, ಇಲ್ಲದಿದ್ದರೆ 1. ವಿಮಾನ 4 ಲಕ್ಷ ದಾಟಿದರೆ ಮಾತ್ರ ಕರೆ ಮಾಡಿ.' ಹನ್ನೆರಡೂವರೆಗೆ ಬೈಯರ್‌ಗೆ ಪ್ರಸ್ತಾಪ ಹೋಯಿತು, ಸಂಜೆ 8,400ರ ದಾಖಲೆ ಏಜೆಂಟರಿಗೆ ತಲುಪಿತು. ಆ ಸಂಖ್ಯೆ ಮೊದಲ ಎರಡು ಆಯ್ಕೆಗಳಲ್ಲೂ ಒಂದೇ ಆದದ್ದರಿಂದ ಬೈಯರ್ ಉತ್ತರಕ್ಕೆ ಕಾಯಬೇಕಾಗಲಿಲ್ಲ.

ಶುಕ್ರವಾರ ಬಂದ ಉತ್ತರ ನನ್ನ ಯಾವ ಆಯ್ಕೆಯೊಳಗೂ ಇರಲಿಲ್ಲ. ಅಂಗಡಿಗಳಲ್ಲಿ ಮೊದಲ ದಿನ ತೂಗುಹಾಕಲು 800 ನೀಲಿ ಶರ್ಟು ವಿಮಾನದಲ್ಲಿ ಬರಲಿ, ಉಳಿದ 2,800 ಮುಂದಿನ ಹಡಗಿನಲ್ಲಿ ಬಂದರೆ ಸಾಕು ಎಂದಿದ್ದರು. ಲೆಕ್ಕ ಹಾಕಿದರೆ ವಿಮಾನಕ್ಕೆ 80 ಸಾವಿರ, ಕಡಿತ 77 ಸಾವಿರ, ಎರಡನೆಯ ಸಾಗಣೆ 30 ಸಾವಿರ, ಒಟ್ಟು 1.87 ಲಕ್ಷ. ಒಪ್ಪಿಗೆ ಸಿಕ್ಕಿದ್ದ 3.6 ಲಕ್ಷಕ್ಕಿಂತ ಇದು ಎಷ್ಟೋ ಕಡಿಮೆ, ಮುಂದುವರಿಯಬಹುದು ಎಂದು ಪಕ್ಕದ ಮೇಜಿನವರು ಹೇಳಿದರು. ನಾನು ಮತ್ತೆ ಕೇಳಿದೆ. ಮೇಡಂ ಒಪ್ಪಿದ್ದು ಬರೆದಿದ್ದ ಎರಡು ದಾರಿಗಳಿಗೆ, ಒಂದು ಮೊತ್ತಕ್ಕಲ್ಲ. ಇದು ಅವೆರಡೂ ಅಲ್ಲದ ಹೊಸ ದಾರಿ. ಅದೇ ಇಮೇಲಿನ ಸರಣಿಯಲ್ಲಿ ನಾಲ್ಕು ಸಾಲು ಬರೆದೆ: ಬೈಯರ್ ಏನು ಕೇಳಿದ್ದಾರೆ, ಖರ್ಚೆಷ್ಟು, ಆಯ್ಕೆ 1ಕ್ಕಿಂತ ಸುಮಾರು 1.7 ಲಕ್ಷ ಕಡಿಮೆಯಾದ್ದರಿಂದ ಒಪ್ಪಲು ನನ್ನ ಶಿಫಾರಸು, ಸೋಮವಾರ ಮಧ್ಯಾಹ್ನ 12ರೊಳಗೆ ಉತ್ತರ ಬೇಕು. ನೀಲಿ ಶರ್ಟು ಮಂಗಳವಾರದವರೆಗೆ ಸಿದ್ಧವಾಗುವುದಿಲ್ಲ, ವಿಮಾನದಲ್ಲಿ ಜಾಗ ಕಾದಿರಿಸುವುದು ಸೋಮವಾರ. ಆದ್ದರಿಂದ ಶುಕ್ರವಾರ ರಾತ್ರಿಯೇ ಉತ್ತರ ಕೊಡಿ ಎನ್ನುವುದಕ್ಕೆ ಕಾರಣವೇ ಇರಲಿಲ್ಲ. ಶನಿವಾರ ಬೆಳಿಗ್ಗೆ 'ಸರಿ, ಮುಂದುವರಿಯಿರಿ' ಎಂದು ಬಂತು.

ತಿಂಗಳ ಕೊನೆಗೆ ವಿಮಾನದ ಬಿಲ್ಲು ಲೆಕ್ಕಪತ್ರ ವಿಭಾಗಕ್ಕೆ ಬಂದಾಗ, ಹಡಗಿನಲ್ಲಿ ಹೋಗಬೇಕಿದ್ದ ಆರ್ಡರಿಗೆ ಈ 80 ಸಾವಿರ ಏಕೆ ಎಂದು ಕೇಳಿದರು. ಇಡೀ ಸರಣಿಯನ್ನು ಅವರಿಗೆ ಕಳಿಸಿದೆ. ಅದರ ಮುದ್ರಿತ ಪ್ರತಿಯನ್ನು ಬಿಲ್ಲಿಗೆ ಲಗತ್ತಿಸಿ ಅಂದೇ ಪಾಸು ಮಾಡಿದರು.